ಪದಚರ್ಚೆ: ಹತ್ತಿರ ಬಂದು ಪೂರ್ತಿ ಕೂಡದ ಪ್ರಾಸಕ್ಕೆ ಏನೆನ್ನಬೇಕು?

ಗಂಗಾವತಿಯಿಂದ:

ಎಲ್ಲರಿಗೂ ನಮಸ್ಕಾರ. ಸಾಲಿನ ಕೊನೆಯ ಸದ್ದುಗಳು ಒಂದೇ ಆಗದೆ, ಕಿವಿಗೆ ಹತ್ತಿರ ಮಾತ್ರ ಕೇಳಿಸುವುದನ್ನು ಇಂಗ್ಲಿಷಿನಲ್ಲಿ ಸ್ಲಾಂಟ್ ರೈಮ್ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇನಾದರೂ ಇದೆಯೇ? ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿನ ಮೇಲೆ ಒಂದು ಹಾಡು ಬರೆಯುತ್ತಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಕಾಲ್ವಿ ನೀರು ಬರುತೈತಿ
ಗದ್ದಿ ಹಸುರು ತರುತೈತಿ
ಹಕ್ಕಿ ಹಿಂಡು ಇಳಿತೈತಿ
ಅವ್ವ ಮಾರಿ ಹೊಳಿತೈತಿ

ತಪ್ಪೇನೂ ಕಾಣುವುದಿಲ್ಲ, ಆದರೆ ಹಾಡಿದರೆ ಅಂಗನವಾಡಿ ಪದ್ಯದಂತೆ ಕೇಳುತ್ತದೆ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಮೂರನೆಯದು ಎಲ್ಲಿಗೆ ಬಂದು ನಿಲ್ಲುತ್ತದೆಂದು ಕೇಳುವವರಿಗೆ ಗೊತ್ತಾಗಿಬಿಡುತ್ತದೆ.

ಹೊಸಪೇಟೆಯಿಂದ:

ಕನ್ನಡದ ಪ್ರಾಸ ಎಂದರೆ ಸಾಲಿನ ಎರಡನೇ ಅಕ್ಷರದ್ದು. ಕೊನೆಯ ಪ್ರಾಸ ಇಂಗ್ಲಿಷ್ ಕವಿತೆ ನೋಡಿ ನಾವು ಕಲಿತದ್ದು. ಅದನ್ನು ಬಿಟ್ಟುಬಿಡಿ, ತೊಂದರೆಯೇ ಇರುವುದಿಲ್ಲ.

ಬಳ್ಳಾರಿಯಿಂದ:

ಪ್ರಾಸ ಬಿಡ್ರಿ ಅಂದ್ರ ಹೆಂಗ್ರೀ? ನಾನು ಬಯಲಾಟದಾಗ ಪಾತ್ರ ಹಾಕ್ತೀನಿ. ರಾತ್ರಿಯೆಲ್ಲ ಕುಣಿದು ಬೆಳಗಿನ ಜಾವ ಮಾತು ಮರೆತ್ರ, ಮುಂದಿನ ಸಾಲು ಎಳ್ಕೊಂಡು ಬರೋದು ಪ್ರಾಸನೇ. ಅದು ಮೊದಲೇ ಗೊತ್ತಾಗೋದು ನಮಗ ಬೇಕಾದದ್ದು.

ರಾಯಚೂರಿನಿಂದ:

ಬಳ್ಳಾರಿಯ ಅಣ್ಣಾವರ ಮಾತು ಖರೆ, ಅವರ ಆಟಕ್ಕೆ ಗಟ್ಟಿ ಪ್ರಾಸವೇ ಬೇಕು. ಪ್ರಾಸ ಬೇಡ ಎಂದು ಇಲ್ಲಿ ಕೇಳಿದವರು ಹೇಳುತ್ತಿಲ್ಲ. ಹೊಸಪೇಟೆಯವರು ಎರಡನೇ ಅಕ್ಷರದ ಬಗ್ಗೆ ಹೇಳಿದ್ದು ಸರಿ, ಆದರೆ ಅಂತ್ಯಪ್ರಾಸ ಹೊರಗಿನದಲ್ಲ. ಹಂಪಿಯ ಹರಿಹರ ಬಳಸಿದ ರಗಳೆಯಲ್ಲೇ ಎರಡೆರಡು ಸಾಲಿಗೆ ಅದು ಸಿಗುತ್ತದೆ.

ಈಗ ಹಾಡಿಗೆ ಬರೋಣ. ‘ತೈತಿ’ ಎಂಬುದು ಪ್ರತ್ಯಯ, ಯಾವ ಕ್ರಿಯಾಪದಕ್ಕಾದರೂ ಅಂಟುತ್ತದೆ. ದುಡಿಯದೆ ಬಂದ ಪ್ರಾಸವದು. ‘ಅಲ್ಲಿ’, ‘ಗಳು’, ‘ನ್ನು’ ಕೊನೆಗೆ ಬಂದರೂ ಇದೇ ಕತೆ. ಅದರ ಮೇಲೆ ಬರು–ತರು, ಇಳಿ–ಹೊಳಿ ಎಂದು ಧಾತುಗಳನ್ನೂ ಕೂಡಿಸಿದ್ದೀರಿ. ಹಾಗಾಗಿ ನಾಲ್ಕು ಸಾಲಿಗೂ ಒಂದೇ ಬೀಗ, ಅದರೊಳಗೆ ಜೋಡಿಜೋಡಿಯಾಗಿ ಇನ್ನೊಂದು. ಕ್ರಿಯಾಪದವನ್ನು ಆದಷ್ಟು ಸಾಲಿನ ಕೊನೆಯಿಂದ ಒಳಗೆ ತಳ್ಳಿ, ಕೊನೆಗೆ ನಾಮಪದ ತನ್ನಿ. ಒಂದನೆಯದು ಮೂರನೆಯದರ ಜೊತೆ, ಎರಡನೆಯದು ನಾಲ್ಕನೆಯದರ ಜೊತೆ ಹೋಗಲಿ. ನಿಮ್ಮ ಸಾಲಿನಲ್ಲಿ ಹನ್ನೊಂದು ಮಾತ್ರೆ, ಕೊನೆಗೆ ಒಂದು ಮಾತ್ರೆಯ ನಿಲುಗಡೆ. ನಾನು ಹನ್ನೆರಡನ್ನೂ ತುಂಬಿದ್ದೇನೆ, ಧಾಟಿ ಕೆಡುವುದಿಲ್ಲ:

ಕಾಲ್ವಿ ನೀರು ಬಿಟ್ಟ ಸುದ್ದಿ
ಸಂಜಿ ಬಸ್ಸಿನಾಗ ಬಂತು
ಅವ್ವ ಬೀಜ ಚೀಲ ಬಿಚ್ಚಿ
ಮೂಸಿದಾಳ ಮಣ್ಣ ಗಂಧ

ಸುದ್ದಿ–ಬಿಚ್ಚಿ ನೋಡಿ: ಒತ್ತು ಎರಡರಲ್ಲೂ ಇದೆ, ಕೊನೆಯ ‘ಇ’ ಕೂಡ ಒಂದೇ, ವ್ಯಂಜನ ಮಾತ್ರ ಬೇರೆ. ಬಂತು–ಗಂಧದಲ್ಲಿ ಅಕಾರ, ಸೊನ್ನೆ ಕೂಡಿವೆ, ಆಮೇಲೆ ತಕಾರ ಮತ್ತು ಧಕಾರ. ಇವೆರಡೂ ಒಂದೇ ವರ್ಗದವು. ನೀವು ಕೇಳಿದ ಹಳೆಯ ಹೆಸರು ಇಲ್ಲೇ ಇದೆ. ಒಂದೇ ವರ್ಗದ ವ್ಯಂಜನಗಳನ್ನು ಜೋಡಿಸಿದರೆ ವರ್ಗಪ್ರಾಸ. ಲ–ಳ, ಶ–ಸ ಥರದ ನೆರೆಯ ಸದ್ದುಗಳನ್ನು ಜೋಡಿಸಿದರೆ ಸಮೀಪಪ್ರಾಸ. ಹಳೆಯ ಲಾಕ್ಷಣಿಕರು ಇವನ್ನು ಹೇಳಿದ್ದು ಎರಡನೇ ಅಕ್ಷರದ ಪ್ರಾಸಕ್ಕೆ. ಕೊನೆಗೆ ತರುತ್ತಿರುವುದು ನಾವು. ಸುದ್ದಿ–ಬಿಚ್ಚಿಗೆ ಇವೆರಡೂ ಒಪ್ಪುವುದಿಲ್ಲ, ಏಕೆಂದರೆ ದ ಮತ್ತು ಚ ಬೇರೆ ವರ್ಗದವು.

ಹೊಸಪೇಟೆಯಿಂದ:

ರಗಳೆಯನ್ನು ಮರೆತಿದ್ದೆ, ಒಪ್ಪಿದೆ. ಆದರೆ ಬೇರೆ ಕಡೆಯ ಹೆಸರನ್ನು ಇಲ್ಲಿಗೆ ತಂದರೆ ಛಂದಸ್ಸು ಓದುವ ಹುಡುಗರು ಗೊಂದಲಕ್ಕೆ ಬೀಳುತ್ತಾರೆ. ಒಟ್ಟಾಗಿ ಎಲ್ಲಕ್ಕೂ ‘ಓರೆಪ್ರಾಸ’ ಎನ್ನೋಣ.

ಗಂಗಾವತಿಯಿಂದ:

ರಾಯಚೂರಿನ ಸರ್‌ಗೆ ಶರಣು. ನಿನ್ನೆ ಹಾರ್ಮೋನಿಯಂ ನುಡಿಸುವ ಗೆಳೆಯನ ಮುಂದೆ ಹೊಸ ಸಾಲುಗಳನ್ನು ಹಾಡಿದೆ. ಗಂಧ ಬರುತ್ತದೆಂದು ಅವನಿಗೆ ಮೊದಲೇ ಹೊಳೆಯಲಿಲ್ಲ, ಬಂದ ಮೇಲೆ ಬಂತು ಜೊತೆ ಕೂಡಿತು ಎಂದ. ಆದರೆ ಕೊನೆಯಕ್ಷರವನ್ನು ಎಳೆದು ಹಾಡಿದಾಗ ‘ತೂ’, ‘ಧಾ’ ಆಗಿ ಪ್ರಾಸವೇ ಕಾಣೆಯಾಗುತ್ತದೆ, ಎಳೆದಷ್ಟೂ ಕಿವಿಗೆ ಬೀಳುವುದು ಸ್ವರವೊಂದೇ. ಎಳೆಯುವುದನ್ನು ‘ಬಂ’, ‘ಗಂ’ ಮೇಲೆ ಇಟ್ಟು ಕೊನೆಯದನ್ನು ಚುಟುಕಾಗಿ ಬಿಟ್ಟರೆ ಉಳಿಯುತ್ತದೆ. ಸುದ್ದಿ–ಬಿಚ್ಚಿಗೆ ಈ ಕಾಟವಿಲ್ಲ, ಎರಡೂ ‘ಇ’ಕಾರದಲ್ಲೇ ನಿಲ್ಲುತ್ತವೆ.

ಇನ್ನೊಂದು ಸಂದೇಹ. ಪಲ್ಲವಿಯಲ್ಲೂ ಹೀಗೇ ಮಾಡಲೇ? ಜನ ಜೊತೆಗೂಡಿ ಹಾಡುವುದು ಅದನ್ನೇ.

ಬಳ್ಳಾರಿಯಿಂದ:

ಪಲ್ಲವಿ ಗಟ್ಟಿ ಇರ್ಲಿ ತಮ್ಮಾ, ಚರಣದಾಗ ಆಟ ಆಡು.

ರಾಯಚೂರಿನಿಂದ:

ಪಲ್ಲವಿಯ ಮಾತು ಒಪ್ಪಿದೆ, ಚರಣದ ಓರೆ ಅದರ ಪಕ್ಕದಲ್ಲೇ ಎದ್ದು ಕಾಣುತ್ತದೆ. ‘ಓರೆಪ್ರಾಸ’ ಮಾತ್ರ ನನಗೆ ಇನ್ನೂ ಒಪ್ಪಿಗೆಯಿಲ್ಲ. ಓರೆ ಎಂದರೆ ಸೊಟ್ಟದ್ದು ಎಂದೂ ಆಗುತ್ತದೆ, ಸುದ್ದಿ–ಬಿಚ್ಚಿಯಲ್ಲಿ ಸೊಟ್ಟದ್ದೇನೂ ಇಲ್ಲ. ಕೊಪ್ಪಳದ ಕಡೆ ಹಾಡು ಕಟ್ಟುವವರು ಇದಕ್ಕೆ ಏನಾದರೂ ಅನ್ನುತ್ತಾರೆಯೇ? ತಿಳಿದವರು ಬರೆಯಿರಿ.