ರಸೀದಿ ಪುಸ್ತಕ ಮುಚ್ಚುವುದು ಯಾವಾಗ? ಪಾಲಿಕೆ ಆಸ್ಪತ್ರೆಯಲ್ಲಿ ಡಿಜಿಟಲ್ ಬಿಲ್ಲಿಂಗ್: ಅನುಭವ ಹಂಚಿಕೆ

ಕೇಳಿದವರು: ಕಚೇರಿ ಅಧೀಕ್ಷಕಿ, ಮಹಾನಗರ ಪಾಲಿಕೆ ಆಸ್ಪತ್ರೆ

ನಮ್ಮಲ್ಲಿ ಹೊರರೋಗಿ ಚೀಟಿಯಿಂದ ಹಿಡಿದು ಪ್ರಯೋಗಾಲಯ, ಎಕ್ಸ್‌ರೇ, ವಾರ್ಡು, ಹೆರಿಗೆವರೆಗೆ ಎಲ್ಲಕ್ಕೂ ಕೈಬರಹದ ರಸೀದಿ. ಇಡೀ ಆಸ್ಪತ್ರೆಗೆ ಡಿಜಿಟಲ್ ಬಿಲ್ಲಿಂಗ್ ತರಬೇಕೆಂದು ಆದೇಶ ಬಂದಿದೆ. ತರಬೇತಿಯಲ್ಲಿ, ಬದಲಾವಣೆ ತರುವ ಬಗ್ಗೆ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಮೂರು ಹಂತಗಳನ್ನು ಹೇಳಿಕೊಟ್ಟರು: ಕರಗಿಸುವುದು, ಬದಲಿಸುವುದು, ಮತ್ತೆ ಗಟ್ಟಿಯಾಗಿಸುವುದು. ಕೌಂಟರಿನಲ್ಲಿ ಇದನ್ನು ನಡೆಸುವುದು ಹೇಗೆ? ಒಂದು ಹಂತ ಮುಗಿಯಿತೆಂದು ತಿಳಿಯುವುದು ಹೇಗೆ? ಮಾಡಿದವರು ದಯವಿಟ್ಟು ಹೇಳಿ.

ಆಸ್ಪತ್ರೆಗಳಲ್ಲಿ ತಂತ್ರಾಂಶ ಅಳವಡಿಸುವವರು

ಮೇಡಂ, ಕರಗಿಸುವುದಕ್ಕೆ ಒಂದೇ ದಾರಿ ಇದೆ. ಒಂದು ದಿನಾಂಕ ಗೊತ್ತು ಮಾಡಿ, ಆ ದಿನ ಬೆಳಿಗ್ಗೆ ರಸೀದಿ ಪುಸ್ತಕಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿ. ಕೈಗೆ ಪುಸ್ತಕ ಸಿಗುವವರೆಗೂ ಯಾರೂ ಕೀಲಿಮಣೆ ಮುಟ್ಟುವುದಿಲ್ಲ. ಸಂಸ್ಥೆಗಳಲ್ಲಿ ಬದಲಾವಣೆ ತರಲು ಜಾನ್ ಕೋಟರ್ ಹೇಳಿದ ಎಂಟು ಹಂತಗಳಲ್ಲಿಯೂ ಮೊದಲನೆಯದು ತುರ್ತು ಮೂಡಿಸುವುದೇ ಅಲ್ಲವೇ? ಎರಡೂ ಪದ್ಧತಿ ಜೊತೆಯಾಗಿ ನಡೆಯಲಿ ಎಂದು ಬಿಟ್ಟ ಕಡೆಗಳಲ್ಲಿ ವರ್ಷ ಕಳೆದರೂ ಪುಸ್ತಕ ಹೋಗದಿರುವುದನ್ನು ನೋಡಿದ್ದೇನೆ. ಕಾರಣವನ್ನೂ ಮುಚ್ಚಿಡುವುದು ಬೇಡ. ಲೆಕ್ಕ ಪಾರದರ್ಶಕವಾದರೆ ಕೆಲವರ ಮೇಲುಸಂಪಾದನೆ ನಿಲ್ಲುತ್ತದೆ.

ನಿವೃತ್ತ ಲೆಕ್ಕಾಧಿಕಾರಿ, ನಗರ ಸ್ಥಳೀಯ ಸಂಸ್ಥೆ

ಪುಸ್ತಕ ಇರುವವರೆಗೆ ಹಳೆಯ ಪದ್ಧತಿ ಸಾಯುವುದಿಲ್ಲ ಎನ್ನುವುದು ನಿಜ. ಆದರೆ ಬೀಗ ಹಾಕುವುದು ಕೊನೆಯ ಕೆಲಸ, ಅದರಿಂದ ಆರಂಭಿಸಿದರೆ ಕೆಡುತ್ತದೆ. ಮೇಲುಸಂಪಾದನೆಯ ಮಾತಿಗೂ ಅಷ್ಟು ಬೇಗ ತಲೆಯಾಡಿಸಲಾರೆ. ಅದು ಎಲ್ಲೋ ಇರಬಹುದು. ನಾನು ಲೆಕ್ಕ ನೋಡಿದ ಕಡೆಗಳಲ್ಲಿ ಗುಮಾಸ್ತರನ್ನು ಹಿಡಿದು ನಿಲ್ಲಿಸಿದ್ದು ನಷ್ಟ ತಮ್ಮ ಸಂಬಳಕ್ಕೆ ಬರುತ್ತದೆ ಎಂಬ ಭಯ.

ಲೆವಿನ್ ಅವರ ಮೂರು ಹಂತಗಳನ್ನು ಎಲ್ಲರೂ ಹೇಳುತ್ತಾರೆ, ಅದರ ಹಿಂದಿನ ವಿಚಾರವನ್ನು ಬಿಡುತ್ತಾರೆ. 1947ರ ಬರಹದಲ್ಲಿ ಅವರು ಒಂದು ಪದ್ಧತಿ ನಿಂತಲ್ಲೇ ನಿಂತಿರುವುದನ್ನು ಎರಡು ಬಲಗಳ ಸಮತೋಲನವೆಂದು ನೋಡುತ್ತಾರೆ. ಒಂದು ಮುಂದಕ್ಕೆ ನೂಕುವ ಬಲ, ಇನ್ನೊಂದು ತಡೆಯುವ ಬಲ. ನೂಕುವುದನ್ನು ಹೆಚ್ಚಿಸಿದರೂ ಬದಲಾವಣೆ ಆಗುತ್ತದೆ, ಆದರೆ ಒಳಗೆ ಬಿಗುವೂ ಏರುತ್ತದೆ. ತಡೆಯನ್ನು ತೆಗೆದರೆ ಹೆಚ್ಚು ಬಿಗುವಿಲ್ಲದೆ ಸಾಗುತ್ತದೆ. ಆದೇಶ, ಗಡುವು, ಬೀಗ ಎಲ್ಲವೂ ನೂಕುವ ಬಲಗಳೇ. ನಿಮ್ಮ ಮೊದಲ ಹಂತದ ಕೆಲಸ ತಡೆಗಳನ್ನು ಹುಡುಕಿ ತೆಗೆಯುವುದು.

ಅಂಥ ಒಂದು ತಡೆಯನ್ನು ಬಿಡಿಸಿ ಹೇಳುತ್ತೇನೆ: ರದ್ದಾಗುವ ಬಿಲ್ಲು. ರಸೀದಿ ಪುಸ್ತಕದಲ್ಲಿ ತಪ್ಪಾದರೆ ಗುಮಾಸ್ತರು ಮೂಲಕ್ಕೂ ನಕಲಿಗೂ ಅಡ್ಡಗೆರೆ ಎಳೆದು, ‘ರದ್ದು’ ಎಂದು ಬರೆದು ಸಹಿ ಹಾಕಿ, ಮೂಲಪ್ರತಿಯನ್ನು ಪುಸ್ತಕಕ್ಕೇ ಅಂಟಿಸಿಬಿಡುತ್ತಾರೆ. ಮುಂದಿನ ರೋಗಿ ಕಾಯುವುದೇ ಇಲ್ಲ. ತಂತ್ರಾಂಶದಲ್ಲಿ ರದ್ದು ಮಾಡುವ ಅಧಿಕಾರವನ್ನು ಸಾಮಾನ್ಯವಾಗಿ ಮೇಲ್ವಿಚಾರಕರ ಲಾಗಿನ್‌ಗೆ ಮಾತ್ರ ಕೊಟ್ಟಿರುತ್ತಾರೆ. ಅವರು ಪಾಲಿಕೆ ಕಚೇರಿಯ ಸಭೆಗೆ ಹೋದ ಮಧ್ಯಾಹ್ನ 200 ರೂಪಾಯಿಯ ಎಕ್ಸ್‌ರೇ ಬಿಲ್ಲು ಎರಡು ಸಲ ಮುದ್ರಣವಾಯಿತು ಎಂದುಕೊಳ್ಳಿ. ಸಂಜೆ ತಂತ್ರಾಂಶ 6,450 ರೂಪಾಯಿ ತೋರಿಸುತ್ತದೆ, ಮೇಜಿನ ಖಾನೆಯಲ್ಲಿ ಇರುವುದು 6,250. ಆ 200 ರೂಪಾಯಿ ಯಾರದು? ಉತ್ತರ ಬರವಣಿಗೆಯಲ್ಲಿ ಇಲ್ಲದಿದ್ದರೆ ಗುಮಾಸ್ತರು ತಮ್ಮ ಜೇಬಿನಿಂದ ತುಂಬುತ್ತಾರೆ, ಮರುದಿನದಿಂದ ಸ್ವಲ್ಪ ಗೊಂದಲವಿರುವ ಬಿಲ್ಲನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಾರೆ. ಕೇಳಿದರೆ ‘ಸರ್ವರ್ ನಿಧಾನ’ ಎನ್ನುತ್ತಾರೆ. ಆ ಮಾತು ಪದೇ ಪದೇ ಕೇಳಿಬಂದರೆ ಸರ್ವರಿಗಿಂತ ಮೊದಲು ರದ್ದತಿಯ ನಿಯಮವನ್ನು ನೋಡಿ. ಪಾಳಿಗೊಬ್ಬ ಹಿರಿಯ ಸಹಾಯಕರಿಗೆ ರದ್ದತಿಯ ಅಧಿಕಾರ ಕೊಟ್ಟು, ಕಾರಣವನ್ನು ಕಡ್ಡಾಯ ಮಾಡಿ, ರದ್ದಾದ ಬಿಲ್ಲುಗಳ ಪಟ್ಟಿಗೆ ಅಂದಂದೇ ನೀವು ಸಹಿ ಹಾಕಿದರೆ ಆ ತಡೆ ಇರುವುದಿಲ್ಲ.

ಇಂಥ ತಡೆಗಳನ್ನು ಕೌಂಟರಿನಲ್ಲಿ ಕೂರುವವರ ಬಾಯಿಂದಲೇ ಕೇಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಒಳ್ಳೆಯ ಮಾಂಸಕ್ಕೆ ಕೊರತೆಯಿದ್ದಾಗ, ಗೃಹಿಣಿಯರು ಹೃದಯ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸುವಂತೆ ಮಾಡುವುದು ಹೇಗೆ ಎಂದು ಲೆವಿನ್ ಪ್ರಯೋಗ ಮಾಡಿದ್ದರು. ಉಪನ್ಯಾಸ ಕೇಳಿ ಹೋದವರಲ್ಲಿ ಸುಮಾರು ಶೇಕಡಾ 3ರಷ್ಟು ಮಂದಿ ಬದಲಾದರು. ತಮ್ಮಲ್ಲೇ ಚರ್ಚಿಸಿ ತಾವೇ ತೀರ್ಮಾನಿಸಿದವರಲ್ಲಿ ಆ ಪ್ರಮಾಣ ಶೇಕಡಾ 32. ಪರದೆಯ ಮೇಲೆ ಚಿತ್ರ ತೋರಿಸುವ ತರಬೇತಿಯನ್ನು ಒಂದು ಗಂಟೆಗೆ ಮುಗಿಸಿ. ಉಳಿದ ಸಮಯದಲ್ಲಿ ರದ್ದತಿ, ಚಿಲ್ಲರೆ, ಪಾಳಿ ಬದಲಾವಣೆಯ ಕ್ರಮಗಳನ್ನು ಅವರೇ ಚರ್ಚಿಸಿ ಬರೆಯಲಿ, ನೀವು ಅದನ್ನು ವೈದ್ಯಾಧಿಕಾರಿಗಳ ಸಹಿಯೊಂದಿಗೆ ಸುತ್ತೋಲೆ ಮಾಡಿ. ‘ಇದೆಲ್ಲ ಯಾಕೆ?’ ಎಂಬ ಪ್ರಶ್ನೆ ನಿಂತು ‘ಹೀಗಾದರೆ ಏನು ಮಾಡುವುದು?’ ಎಂಬ ಪ್ರಶ್ನೆ ಶುರುವಾದರೆ ಮೊದಲ ಹಂತ ಮುಗಿದಂತೆ.

ದಂತ ಚಿಕಿತ್ಸಾಲಯ ನಡೆಸುವವರು

ನಮ್ಮ ಕ್ಲಿನಿಕ್‌ನಲ್ಲಿ ಮೇಜಿನ ಮೇಲೆ ಯುಪಿಐ ಕ್ಯೂಆರ್ ಫಲಕ ಇಟ್ಟೆವು, ಒಂದೇ ವಾರದಲ್ಲಿ ಎಲ್ಲರಿಗೂ ರೂಢಿಯಾಯಿತು. ಇಷ್ಟಕ್ಕೆ ಹಂತ, ಸಿದ್ಧಾಂತ ಯಾಕೆ ಬೇಕು ಎಂದು ತಿಳಿಯಲಿಲ್ಲ. ನಮಗಾದ ತೊಂದರೆ ಒಂದೇ. ರೋಗಿಯ ಮೊಬೈಲಿನಲ್ಲಿ ‘ಹಣ ಪಾವತಿಯಾಗಿದೆ’ ಎಂದು ಕಾಣಿಸುತ್ತಿತ್ತು, ನಮ್ಮ ಖಾತೆಗೆ ಬಂದಿರುತ್ತಿರಲಿಲ್ಲ. ಈಗ ನಮ್ಮ ಕಡೆಯ ಧ್ವನಿ ಪೆಟ್ಟಿಗೆ ಮೊತ್ತ ಹೇಳಿದ ಮೇಲೆಯೇ ರಸೀದಿ ಕೊಡುತ್ತೇವೆ.

ನಿವೃತ್ತ ಲೆಕ್ಕಾಧಿಕಾರಿ

ಡಾಕ್ಟರೇ, ನೀವು ಹೇಳುತ್ತಿರುವುದು ಹಣ ಕೊಡುವ ಬಗೆ. ಅವರು ಕೇಳಿದ್ದು ಯಾವ ಸೇವೆಗೆ ಎಷ್ಟು ಹಣ, ಯಾರಿಗೆ ವಿನಾಯಿತಿ ಎಂದು ದಾಖಲಿಸುವ ಪದ್ಧತಿಯ ಬಗ್ಗೆ. ಆದರೂ ನಿಮ್ಮ ಕೊನೆಯ ಮಾತು ಅವರಿಗೆ ಬೇಕಾಗುತ್ತದೆ. ದಿನದ ಮುಕ್ತಾಯದಲ್ಲಿ ನಗದು ಮತ್ತು ಯುಪಿಐ ಮೊತ್ತಗಳು ಬೇರೆ ಬೇರೆಯಾಗಿ ತಾಳೆಯಾಗಬೇಕು, ಒಟ್ಟು ಮೊತ್ತ ಸರಿಬಂದರೆ ಸಾಲದು.

ಶುಶ್ರೂಷಾಧಿಕಾರಿ, ಹೆರಿಗೆ ವಾರ್ಡ್

ಎಲ್ಲರೂ ಕೌಂಟರಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹೊರರೋಗಿ ಚೀಟಿಗೆ ಒಂದು ಸೇವೆ, ಒಂದು ಮೊತ್ತ, ಒಬ್ಬರು ಗುಮಾಸ್ತರು. ವಾರ್ಡಿನಲ್ಲಿ ಹಾಗಲ್ಲ. ಹಾಸಿಗೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸಾ ಕೊಠಡಿ ಎಂದು ನಾಲ್ಕೈದು ಕಡೆಯಿಂದ ಬಿಲ್ಲು ಬೆಳೆಯುತ್ತದೆ. ಅವರವರು ಆಗಿಂದಾಗ್ಗೆ ನಮೂದಿಸದಿದ್ದರೆ ಬಿಡುಗಡೆಯ ದಿನ ನಾವು ಕೇಸ್ ಶೀಟ್ ಹಿಡಿದು ಹಿಂದಿನಿಂದ ಎಲ್ಲವನ್ನೂ ತುಂಬಬೇಕು. ಬಾಣಂತಿ ಮಗುವನ್ನು ಎತ್ತಿಕೊಂಡು ಬೆಂಚಿನ ಮೇಲೆ ಕಾಯುತ್ತಿರುತ್ತಾಳೆ, ಹೊರಗೆ ಆಟೋ ಬಂದು ನಿಂತಿರುತ್ತದೆ.

ಇನ್ನೊಂದು ವಿನಾಯಿತಿಯದು. ಬಿಪಿಎಲ್ ಕಾರ್ಡ್ ಮನೆಯಲ್ಲಿ ಬಿಟ್ಟು ಬಂದವರು, ಕಾರ್ಡಿನಲ್ಲಿ ಇನ್ನೂ ಹೆಸರು ಸೇರದ ಸೊಸೆಯಂದಿರು ದಿನವೂ ಬರುತ್ತಾರೆ. ಇಷ್ಟು ದಿನ ವೈದ್ಯರು ಚೀಟಿಯ ಮೂಲೆಯಲ್ಲಿ ‘ಉಚಿತ’ ಎಂದು ಬರೆದು ಸಹಿ ಹಾಕಿದರೆ ಮುಗಿಯುತ್ತಿತ್ತು. ನಮ್ಮಲ್ಲಿ ತಂತ್ರಾಂಶ ಬಂದಾಗ ಕಾರ್ಡಿನ ಸಂಖ್ಯೆ ಇಲ್ಲದೆ ವಿನಾಯಿತಿಯ ಪುಟ ಮುಂದಕ್ಕೇ ಹೋಗುತ್ತಿರಲಿಲ್ಲ. ಒಂದೋ ಬಡವರು ದುಡ್ಡು ಕಟ್ಟಬೇಕು, ಇಲ್ಲವೇ ಗುಮಾಸ್ತರು ಸುಳ್ಳು ಸಂಖ್ಯೆ ಹಾಕಬೇಕು. ಎರಡೂ ಆಗಬಾರದು. ಕೊನೆಗೆ ‘ವೈದ್ಯಾಧಿಕಾರಿಯ ವಿವೇಚನೆ, ದಾಖಲೆ ನಂತರ’ ಎಂಬ ಆಯ್ಕೆಯನ್ನು ಸೇರಿಸಿಸಿದೆವು. ಮೇಡಂ, ಇದನ್ನು ಮೊದಲ ದಿನಕ್ಕಿಂತ ಮುಂಚೆಯೇ ಮಾಡಿಸಿಕೊಳ್ಳಿ.

ತಂತ್ರಾಂಶ ಅಳವಡಿಸುವವರು

ಸಿಸ್ಟರ್ ಹೇಳಿದ್ದನ್ನು ಒಪ್ಪುತ್ತೇನೆ. ಒಳರೋಗಿ ಬಿಲ್ಲಿಂಗನ್ನು ಮೊದಲ ದಿನವೇ ಆರಂಭಿಸುವುದು ಬೇಡ. ಹೊರರೋಗಿ ಚೀಟಿ, ಆಮೇಲೆ ಪ್ರಯೋಗಾಲಯ ಮತ್ತು ಎಕ್ಸ್‌ರೇ, ಕೊನೆಗೆ ವಾರ್ಡು. ಆದರೆ ಹೊರರೋಗಿ ಕೌಂಟರಿನಲ್ಲಿ ಮಾತ್ರ ಎರಡೂ ಪದ್ಧತಿ ನಡೆಯಬಾರದು ಎಂಬ ನನ್ನ ಮಾತನ್ನು ಬಿಡುವುದಿಲ್ಲ. ಒಂದೇ ಬಿಲ್ಲನ್ನು ಎರಡು ಕಡೆ ಬರೆಯುವ ಗುಮಾಸ್ತರು ಸಾಲು ಉದ್ದವಾದ ಕೂಡಲೇ ಒಂದನ್ನು ಬಿಡುತ್ತಾರೆ. ಬಿಡುವುದು ಯಾವಾಗಲೂ ಹೊಸದನ್ನೇ.

ನಿವೃತ್ತ ಲೆಕ್ಕಾಧಿಕಾರಿ

ಆ ಕೌಂಟರಿನ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೂ ವಿದ್ಯುತ್ತೋ ನೆಟ್‌ವರ್ಕೋ ಹೋದಾಗ ಬರೆಯಲು ಪುಸ್ತಕ ಬೇಕೇ ಬೇಕು. ಹಳೆಯ ಪುಸ್ತಕಗಳನ್ನು ಹಿಂದಕ್ಕೆ ಪಡೆದು, ಬೇರೆ ಸರಣಿಯ ಒಂದೇ ತುರ್ತು ಪುಸ್ತಕವನ್ನು ಕೌಂಟರಿಗೆ ಕೊಡಿ. ಸಂಪರ್ಕ ಮರಳಿದ ಮೇಲೆ ಅದೇ ಪಾಳಿಯಲ್ಲಿ ಆ ರಸೀದಿಗಳನ್ನು, ಅವುಗಳ ಸಂಖ್ಯೆ ಸಮೇತ, ತಂತ್ರಾಂಶಕ್ಕೆ ಏರಿಸಬೇಕು.

ಎರಡನೇ ಹಂತ ಮುಗಿಯಿತೇ ಎಂದು ಹೇಳುವುದು ಇದೇ ಪುಸ್ತಕ. ಪ್ರತಿದಿನ ಸಂಜೆ ಅದರ ಕೊನೆಯ ರಸೀದಿ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ಸಂಪರ್ಕ ಚೆನ್ನಾಗಿದ್ದ ದಿನವೂ ಆ ಸಂಖ್ಯೆ ಮುಂದೆ ಹೋಗಿದ್ದರೆ ಹಳೆಯ ಪದ್ಧತಿ ಇನ್ನೂ ಉಸಿರಾಡುತ್ತಿದೆ, ಯಾವುದೋ ತಡೆ ಉಳಿದಿದೆ ಎಂದರ್ಥ. ಬೈಯಬೇಡಿ, ಆ ರಸೀದಿಗಳನ್ನು ತಿರುವಿ ನೋಡಿ. ಎಲ್ಲವೂ ವಿನಾಯಿತಿಯವೋ, ರಾತ್ರಿಯವೋ, ಒಂದೇ ಸೇವೆಯವೋ ಎಂದು ಅಲ್ಲೇ ಗೊತ್ತಾಗುತ್ತದೆ. ವಾರ್ಡಿನಲ್ಲಿ ಬೇರೆ ಅಳತೆ ಬೇಕು. ವೈದ್ಯರು ಬಿಡುಗಡೆಗೆ ಬರೆದ ಹೊತ್ತಿಗೂ ಬಿಲ್ಲು ಕೈಗೆ ಬಂದ ಹೊತ್ತಿಗೂ ಇರುವ ಅಂತರವನ್ನು ನೋಡಿ. ಅದು ಹಿಂದಿಗಿಂತ ಹೆಚ್ಚಾಗಿದ್ದರೆ ನಮೂದುಗಳು ಆಗಿಂದಾಗ್ಗೆ ಆಗುತ್ತಿಲ್ಲ.

ಮೂರನೇ ಹಂತದ ಬಗ್ಗೆ ಒಂದು ಮಾತು, ಇದು ನನಗೆ ಬಹಳ ಮುಖ್ಯ. ಗಟ್ಟಿಯಾಗುವುದು ಆಸ್ಪತ್ರೆಯ ಒಳಗಲ್ಲ, ಪಾಲಿಕೆಯ ಲೆಕ್ಕಪತ್ರ ವಿಭಾಗದಲ್ಲಿ. ಅವರು ತಿಂಗಳ ಕೊನೆಯಲ್ಲಿ ಹಳೆಯ ನಮೂನೆಯ ಕೈಬರಹದ ವಹಿಯನ್ನೇ ಕೇಳಿದರೆ ನಿಮ್ಮ ಗುಮಾಸ್ತರು ಗುಟ್ಟಾಗಿ ಎರಡನ್ನೂ ಬರೆಯುತ್ತಾರೆ, ಮೊದಲ ತೊಂದರೆಗೇ ಹಿಂದಕ್ಕೆ ಹೋಗುತ್ತಾರೆ. ತಂತ್ರಾಂಶದಿಂದ ಮುದ್ರಿಸಿ ಸಹಿ ಮಾಡಿದ ದಿನದ ಮುಕ್ತಾಯ ಪತ್ರ, ಬ್ಯಾಂಕ್ ಚಲನ್, ರದ್ದಾದ ಬಿಲ್ಲುಗಳ ಪಟ್ಟಿ ಈ ಮೂರನ್ನೂ ಮೂಲ ದಾಖಲೆಯಾಗಿ ಒಪ್ಪುತ್ತೇವೆ ಎಂದು ಅವರಿಂದ ಪತ್ರ ಪಡೆಯಿರಿ. ಲೆಕ್ಕಪರಿಶೋಧನೆಗೆ ಬರುವವರಿಗೂ ಆ ಪತ್ರ ತೋರಿಸಬೇಕಾಗುತ್ತದೆ. ಹಳೆಯ ಪುಸ್ತಕಗಳನ್ನು, ಬರೆದವು, ಖಾಲಿ ಇರುವವು ಎಲ್ಲವನ್ನೂ, ದಾಸ್ತಾನು ವಹಿಯಲ್ಲಿ ಲೆಕ್ಕ ತೋರಿಸಿ ಒಪ್ಪಿಸುವುದು ಆ ಪತ್ರ ಬಂದ ಮೇಲೆ.

ಕಚೇರಿ ಅಧೀಕ್ಷಕಿ

ಎಲ್ಲರಿಗೂ ಧನ್ಯವಾದ. ಲೆಕ್ಕಪತ್ರ ವಿಭಾಗಕ್ಕೆ ನಾಳೆಯೇ ಟಿಪ್ಪಣಿ ಕಳಿಸುತ್ತೇನೆ, ಅದು ಹೊಳೆದಿರಲಿಲ್ಲ. ಎರಡು ವಿಷಯ ಉಳಿದಿವೆ. ರಾತ್ರಿ ಪಾಳಿಯಲ್ಲಿ ನಮ್ಮಲ್ಲಿ ಗುಮಾಸ್ತರಿಲ್ಲ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಿಸ್ಟರ್‌ಗಳೇ ಹಣ ಪಡೆಯುತ್ತಾರೆ. ಇನ್ನು ಡಾಟಾ ಎಂಟ್ರಿ ಆಪರೇಟರ್‌ಗಳು ಹೊರಗುತ್ತಿಗೆಯವರು. ಗುತ್ತಿಗೆ ಬದಲಾದರೆ ಕಲಿತವರೆಲ್ಲ ಹೊರಟುಹೋಗುತ್ತಾರೆ. ಆಗ ಗಟ್ಟಿಯಾಗಿದ್ದು ಉಳಿಯುತ್ತದೆಯೇ?

ಶುಶ್ರೂಷಾಧಿಕಾರಿ, ಹೆರಿಗೆ ವಾರ್ಡ್

ರಾತ್ರಿ ಹಣ ಪಡೆಯುವ ಕೆಲಸವನ್ನು ನಮ್ಮ ಮೇಲೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸೇವೆಯನ್ನು ನಮೂದಿಸುತ್ತೇವೆ, ಹಣವನ್ನು ಬೆಳಿಗ್ಗೆ ಕೌಂಟರಿನಲ್ಲಿ ಪಡೆಯಲಿ. ಕಟ್ಟದೆ ಹೋದವರು ಸಿಗುವುದಿಲ್ಲ ಎಂದು ಲೆಕ್ಕದವರು ಹೇಳುತ್ತಾರೆ, ಅದೂ ನಿಜವೇ.

ನಿವೃತ್ತ ಲೆಕ್ಕಾಧಿಕಾರಿ

ರಾತ್ರಿಯ ವಿಷಯವನ್ನು ಆಯುಕ್ತರ ಮಟ್ಟದಲ್ಲೇ ತೀರ್ಮಾನಿಸಬೇಕು, ಬಾರದ ಹಣವನ್ನು ಮನ್ನಾ ಮಾಡುವ ಅಧಿಕಾರ ನಿಮಗೂ ಇಲ್ಲ, ಸಿಸ್ಟರ್‌ಗೂ ಇಲ್ಲ. ಹೊರಗುತ್ತಿಗೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ದಿನದ ಮುಕ್ತಾಯ ಮತ್ತು ರದ್ದತಿ ಈ ಎರಡನ್ನಾದರೂ ಕಾಯಂ ದ್ವಿತೀಯ ದರ್ಜೆ ಸಹಾಯಕರ ಕೈಯಲ್ಲಿಡಿ, ಅದನ್ನು ಅವರ ಕರ್ತವ್ಯ ಹಂಚಿಕೆಯ ಆದೇಶದಲ್ಲಿ ಬರೆಯಿರಿ. ಅವರಿಗೂ ವರ್ಗಾವಣೆ ಇದ್ದೇ ಇದೆ, ಆದ್ದರಿಂದ ಇಬ್ಬರಿಗೆ ಕಲಿಸಿ.