ಅಮ್ಮನಿಗೆ ಫೋನಿನಲ್ಲಿ ಮಾತು ಕೇಳಿಸುತ್ತಿಲ್ಲ, ಸ್ಪೀಕರ್ ತಾನಾಗಿ ಆನ್ ಆಗುವಂತೆ ಮಾಡಿಕೊಂಡವರು ಇದ್ದೀರಾ?

ಡೊಂಬಿವಲಿಯಿಂದ, ಪ್ರಶ್ನೆ ಕೇಳಿದವರು
ಅಮ್ಮನಿಗೆ 78 ವರ್ಷ, ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಆಂಡ್ರಾಯ್ಡ್ ಫೋನಿನಲ್ಲಿ ಕರೆಯ ಧ್ವನಿಯನ್ನು ಪೂರ್ತಿ ಏರಿಸಿದ್ದೇನೆ, ಆದರೂ "ಏನು? ಏನು?" ಎನ್ನುತ್ತಾರೆ. ಸ್ಪೀಕರ್ ಗುಂಡಿ ಒತ್ತಲು ಹೋಗಿ ಕರೆಯನ್ನೇ ಕತ್ತರಿಸಿಬಿಡುತ್ತಾರೆ. ಪ್ರತಿ ಕರೆಗೂ ಸ್ಪೀಕರ್ ತಾನಾಗಿ ಆನ್ ಆಗಬೇಕು. ಅನುಭವ ಇರುವವರು ತಿಳಿಸಿ.

ಚೆಂಬೂರು
ನಮ್ಮ ತಂದೆಯವರಿಗಾಗಿ ಇದೇ ಕಾರಣಕ್ಕೆ ಹಳೆಯ ಐಫೋನ್ ಒಂದನ್ನು 14,500 ರೂಪಾಯಿಗೆ ಕೊಂಡೆ. ಅದರ ಮೇಲೆ ಬ್ಯಾಟರಿ ಬದಲಿಸಲು 2,800, ಗಟ್ಟಿ ಕವಚಕ್ಕೆ 450. ಮನೆಯಲ್ಲಿ ಎಲ್ಲರೂ ಬೈದರು. ಆದರೆ ಅದರಲ್ಲಿ ಈ ಕೆಲಸಕ್ಕೆಂದೇ ಒಂದು ಸೌಲಭ್ಯವಿದೆ: Settings, Accessibility, Touch, Call Audio Routing. ಅಲ್ಲಿ Speaker ಆಯ್ಕೆ ಮಾಡಿದರೆ ಮುಗಿಯಿತು, ಬಂದ ಕರೆಯೂ ಮಾಡಿದ ಕರೆಯೂ ನೇರವಾಗಿ ಸ್ಪೀಕರಿಗೇ ಹೋಗುತ್ತದೆ. ಅದೇ ಪುಟದಲ್ಲಿ Auto-Answer Calls ಕೂಡ ಇದೆ. ಕೆಲವು ಸೆಕೆಂಡುಗಳ ನಂತರ ಫೋನು ತಾನೇ ಕರೆ ಎತ್ತಿಕೊಳ್ಳುತ್ತದೆ. ತಂದೆಯವರ ಕೈ ನಡುಗುತ್ತದೆ, ಹಸಿರು ಗುರುತನ್ನು ಜಾರಿಸಲು ಆಗುವುದಿಲ್ಲ. ಈಗ ನಾನು ಕಚೇರಿಯಿಂದ ಕರೆ ಮಾಡಿದರೆ ಅವರು ಕುರ್ಚಿಯಿಂದಲೇ ಮಾತನಾಡುತ್ತಾರೆ. ಆಂಡ್ರಾಯ್ಡಿನಲ್ಲಿ ಹುಡುಕಿ ಹುಡುಕಿ ಸೋತವರು ನನಗೆ ಬುದ್ಧಿ ಹೇಳಬೇಕಾಗಿಲ್ಲ.

ವಾಸ್ಕೋ, ಗೋವಾ
ಅಷ್ಟು ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಧ್ವನಿ ಹೆಚ್ಚಿಸುವ ಆ್ಯಪ್‌ಗಳಿವೆ, ಶೇಕಡಾ 200ರವರೆಗೆ ಏರಿಸುತ್ತವೆ. ನಾನು ಅತ್ತೆಯವರ ಫೋನಿಗೆ ಹಾಕಿಕೊಟ್ಟಿದ್ದೇನೆ. ದಾಸರ ಪದಗಳು ಅಡುಗೆಮನೆಯವರೆಗೆ ಕೇಳಿಸುತ್ತವೆ. ಜಾಹೀರಾತು ಬೇಡವೆಂದರೆ ವರ್ಷಕ್ಕೆ 799 ಕಟ್ಟಬೇಕು, ಅಷ್ಟೇ.

ಕೋಥ್ರೂಡ್, ಪುಣೆ
ವಾಸ್ಕೋದ ಅಕ್ಕನವರೇ, ಪದಗಳು ಕೇಳಿಸುತ್ತವೆ, ಸರಿ. ಕರೆ ಕೇಳಿಸುತ್ತದೆಯೇ? ಸಿಮ್ಮಿನ ಕರೆಯ ಧ್ವನಿ ಮೋಡೆಮ್‌ನಿಂದ ನೇರವಾಗಿ ಧ್ವನಿಯ ಚಿಪ್ಪಿಗೆ ಹೋಗುತ್ತದೆ, ಆ ದಾರಿಯಲ್ಲಿ ಇಂತಹ ಆ್ಯಪ್‌ಗಳಿಗೆ ಪ್ರವೇಶವಿಲ್ಲ. ಹಾಡು, ವಿಡಿಯೋಗಳ ಧ್ವನಿಯನ್ನು ಮಾತ್ರ ಅವು ಏರಿಸಬಲ್ಲವು.

ನಾನು ಹದಿನೆಂಟು ವರ್ಷ ಶ್ರವಣ ಪರೀಕ್ಷೆಯ ಕೆಲಸದಲ್ಲಿದ್ದವಳು. ಆದರೂ ನಮ್ಮ ತಾಯಿಯ ವಿಷಯದಲ್ಲಿ ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ, ಅಣ್ಣ ದೊಡ್ಡ ಧ್ವನಿಯ ಹೊಸ ಫೋನನ್ನೇ ತಂದ. ನಾನು ಕರೆ ಮಾಡಿ "ಸಾರು ಮಾಡಿದೆ" ಎಂದರೆ ಅಮ್ಮ "ಯಾರು ಮಾಡಿದ್ದು?" ಎಂದು ಕೇಳುತ್ತಿದ್ದರು. ಧ್ವನಿ ಅವರಿಗೆ ಚೆನ್ನಾಗಿಯೇ ಮುಟ್ಟುತ್ತಿತ್ತು, ಸ ಮಾತ್ರ ಮುಟ್ಟುತ್ತಿರಲಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳನ್ನು ಕೇಳುವ ಶಕ್ತಿ. ಸ, ಶ, ಚ ಎಲ್ಲವೂ ಅಲ್ಲಿಯೇ ಇವೆ. ಹಳೆಯ ಮಾದರಿಯ ಕರೆಯಲ್ಲಿ ತೀಕ್ಷ್ಣತೆಯ ಅಳತೆಯಲ್ಲಿ 3400 ಹರ್ಟ್ಸ್‌ಗಿಂತ ಮೇಲಿನದ್ದು ಸಾಗುವುದೇ ಇಲ್ಲ, ಹೀಗಾಗಿ ಆ ಅಕ್ಷರಗಳ ಬಹುಭಾಗ ಫೋನಿಗೆ ಬರುವ ಮೊದಲೇ ಕತ್ತರಿಸಿ ಹೋಗಿರುತ್ತದೆ. ಬರದೇ ಇರುವುದನ್ನು ಎಷ್ಟು ಏರಿಸಿದರೇನು? ಸ್ವರಗಳಷ್ಟೇ ಅಬ್ಬರಿಸುತ್ತವೆ, ಹಿರಿಯರು "ಕಿರುಚಬೇಡ" ಎಂದು ಸಿಡುಕುತ್ತಾರೆ.

ನಮ್ಮ ಮನೆಯಲ್ಲಿ ಬದಲಾವಣೆ ತಂದದ್ದು ಸಿಮ್ ಸೆಟ್ಟಿಂಗಿನಲ್ಲಿ ಆಫ್ ಆಗಿದ್ದ VoLTE, ಅಂದರೆ ಕರೆಯನ್ನು 4G ಜಾಲದಲ್ಲಿಯೇ ಸಾಗಿಸುವ ವ್ಯವಸ್ಥೆ. ಅದು ಎರಡೂ ಕಡೆ ಆನ್ ಆಗಿದ್ದು ಜಾಲವೂ ಒಪ್ಪಿದರೆ ಸುಮಾರು 7000 ಹರ್ಟ್ಸ್‌ವರೆಗೆ ಧ್ವನಿ ಸಾಗುತ್ತದೆ. ಹಲವು ಫೋನುಗಳಲ್ಲಿ ಆಗ ಕರೆಯ ಪರದೆಯ ಮೇಲೆ HD ಗುರುತು ಕಾಣುತ್ತದೆ. ಅಣ್ಣನ ಕರೆಯಲ್ಲಿ ಆ ಗುರುತು ಬರುತ್ತದೆ, ನಾಸಿಕದ ತಂಗಿಯ ಕರೆಯಲ್ಲಿ ಬರುವುದಿಲ್ಲ. ಅಮ್ಮನ ದೂರು ಇಂದಿಗೂ ತಂಗಿಯ ಮೇಲೆಯೇ.

ವಾಸ್ಕೋ, ಗೋವಾ
ಓದಿದವರೆಂದು ಹೀಗೆ ತಳ್ಳಿಹಾಕಬೇಡಿ. ಅತ್ತೆಯವರು ಖುಷಿಯಾಗಿದ್ದಾರೆ, ವಾಟ್ಸ್ಆ್ಯಪ್ ವಿಡಿಯೋ ಕರೆಯಲ್ಲಿ ಎಲ್ಲವೂ ಕೇಳಿಸುತ್ತದೆ.

ಕೋಥ್ರೂಡ್, ಪುಣೆ
ವಿಡಿಯೋ ಕರೆ ಮೊದಲಿನಿಂದಲೂ ಸ್ಪೀಕರಿನಲ್ಲಿಯೇ ಶುರುವಾಗುತ್ತದೆ, ಮೇಲಾಗಿ ಅತ್ತೆಯವರು ನಿಮ್ಮ ತುಟಿಗಳನ್ನು ನೋಡುತ್ತಿರುತ್ತಾರೆ. ಆ 799ಕ್ಕೂ ಅದಕ್ಕೂ ಸಂಬಂಧವಿಲ್ಲ.

ಠಾಣೆ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಿವಿಗೆ ಹಿಡಿಯುವ ಕಿಂಡಿಯನ್ನು ಯಾರಾದರೂ ನೋಡಿದ್ದೀರಾ? ನಮ್ಮ ಮಾವನವರ ಫೋನನ್ನು ಸ್ಟೇಷನ್ ಪಕ್ಕದ ಅಂಗಡಿಗೆ ಕೊಟ್ಟೆ. "ಇಯರ್‌ಪೀಸ್ ಹೋಗಿದೆ" ಎಂದು 1,400 ತೆಗೆದುಕೊಂಡ. ಮನೆಗೆ ಬಂದರೆ ಅದೇ ಪಾಡು. ಮತ್ತೆ ಹೋದರೆ ಬೋರ್ಡಿನ ದೋಷವೆಂದು 3,200 ಕೇಳಿದ. ಕೊನೆಗೆ ಮಗಳು ಟಾರ್ಚ್ ಬಿಟ್ಟು ನೋಡಿದಳು: ಪರದೆಯ ಮೇಲಂಚಿನ ಕೂದಲೆಳೆಯಷ್ಟು ಸೀಳಿನಲ್ಲಿ ಟಾಲ್ಕಮ್ ಪೌಡರು, ಬೆವರು, ಕಿವಿಯ ಮೇಣ ಸೇರಿ ಬೂದುಬಣ್ಣದ ಗಾರೆಯಂತೆ ಕೂತಿತ್ತು. ಅದರ ಮೇಲೆ ಟೆಂಪರ್ಡ್ ಗ್ಲಾಸಿನ ಅಂಚು ಅರ್ಧ ಸೀಳನ್ನು ಮುಚ್ಚಿತ್ತು. ಗ್ಲಾಸು ಕಿತ್ತು, ಫೋನನ್ನು ತಲೆಕೆಳಗಾಗಿ ಹಿಡಿದು, ಒಣಗಿದ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಸೂಜಿ ಹಾಕಬೇಡಿ, ಒಳಗಿನ ಜಾಲರಿ ಹರಿಯುತ್ತದೆ. ಸ್ಪೀಕರಿನಲ್ಲಿ ಜೋರಾಗಿ ಕೇಳಿಸಿ, ಕಿವಿಗಿಟ್ಟಾಗ ಮಾತ್ರ ಸಣ್ಣಗಾದರೆ ಮೊದಲು ಕಸವನ್ನೇ ಸಂಶಯಪಡಿ. ಆ 1,400 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾಟುಂಗಾ
ಚೆಂಬೂರಿನವರಿಗೆ: ಸದಾ ಸ್ಪೀಕರ್ ಎಂದರೆ ಸದಾ ಬಹಿರಂಗ. ನಮ್ಮ ಕಟ್ಟಡದ ಅಜ್ಜಿಯೊಬ್ಬರ ಪಿಂಚಣಿ, ಸೊಸೆಯ ಜಗಳ, ಡಾಕ್ಟರು ಹೇಳಿದ್ದು ಎಲ್ಲವೂ ಇಡೀ ಮಹಡಿಗೆ ಗೊತ್ತು. ಹಿರಿಯರಿಗೂ ಮಾನವಿದೆ.

ಚೆಂಬೂರು
ಕೇಳಿಸದೆ ಮೂಲೆಯಲ್ಲಿ ಕೂರುವುದು ಮಾನವೇ? ಬಾಗಿಲು ಹಾಕಿಕೊಳ್ಳಿ. ನನ್ನ ತಂದೆ ಮೊದಲು ಕರೆ ಬಂದರೆ ಫೋನನ್ನು ಬೇರೆಯವರ ಕೈಗೆ ಕೊಡುತ್ತಿದ್ದರು, ಈಗ ತಾವೇ ಮಾತನಾಡುತ್ತಾರೆ. ಒಂದು ತೊಂದರೆ ನಿಜ: ಟಿವಿ ಹಾಕಿದ್ದರೆ ನನ್ನ ಮಾತು ಅವರಿಗೆ ತುಂಡು ತುಂಡಾಗುತ್ತದೆ. ಕಾರಣ ತಿಳಿದಿಲ್ಲ.

ಕೋಥ್ರೂಡ್, ಪುಣೆ
ಪ್ರತಿಧ್ವನಿ ತಡೆಯುವ ವ್ಯವಸ್ಥೆ ಅದು. ಸ್ಪೀಕರಿನಲ್ಲಿರುವಾಗ ಫೋನಿನ ಮೈಕಿಗೆ ಟಿವಿಯ ಸದ್ದು ಬಿದ್ದರೆ ತಂದೆಯವರೇ ಮಾತನಾಡುತ್ತಿದ್ದಾರೆಂದುಕೊಂಡು ನಿಮ್ಮ ಧ್ವನಿಯನ್ನು ತಗ್ಗಿಸುತ್ತದೆ. ಟಿವಿ ಆರಿಸಬೇಕು, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತನಾಡಬೇಕು. ನೀವೂ ಐಫೋನಿನವರಾದರೆ ಕರೆಯ ನಡುವೆ ಕಂಟ್ರೋಲ್ ಸೆಂಟರಿನಲ್ಲಿ Voice Isolation ಹಾಕಿ, iOS 16.4ರಿಂದ ಸಾಮಾನ್ಯ ಕರೆಗೂ ಅದು ಇದೆ. ಅದು ಮಾತನಾಡುವವರ ಸುತ್ತಲಿನ ಗದ್ದಲವನ್ನು ತೆಗೆಯುತ್ತದೆ. ಆದ್ದರಿಂದ ಹಾಕಬೇಕಾದದ್ದು ನಿಮ್ಮ ಫೋನಿನಲ್ಲಿ, ತಂದೆಯವರದ್ದರಲ್ಲಿ ಅಲ್ಲ. ಲೋಕಲ್ ರೈಲಿನಿಂದ ಕರೆ ಮಾಡುವವರೆಲ್ಲ ಇದನ್ನು ಮಾಡಲಿ.

ಮಾಟುಂಗಾ
ಎಲ್ಲರೂ ಫೋನನ್ನೇ ತಿದ್ದುತ್ತಿದ್ದೀರಿ, ಕಿವಿಯನ್ನು ಯಾರೂ ತೋರಿಸುವುದಿಲ್ಲ. ಬಾಂದ್ರಾ ರೆಕ್ಲಮೇಷನ್‌ನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ನಮ್ಮ ತಾಯಿಯ ಪರೀಕ್ಷೆ ಅಲ್ಲಿಯೇ ಆಯಿತು. ಶ್ರವಣ ಯಂತ್ರ ಕೊಂಡದ್ದು ಮಾತ್ರ ಹೊರಗೆ, ಎರಡು ಕಿವಿಗೆ 62,000. ಮೊದಲು ಫೋನನ್ನು ಕಿವಿಗಿಟ್ಟರೆ ಶಿಳ್ಳೆ ಹೊಡೆಯುತ್ತಿತ್ತು, ಅಮ್ಮ ಯಂತ್ರವನ್ನೇ ಡಬ್ಬಿಗೆ ಹಾಕಿದರು. ಅದರ ಮೈಕು ಕಿವಿಯ ಹಿಂದೆ ಮೇಲ್ಗಡೆ ಇರುತ್ತದೆ, ಫೋನನ್ನು ಅಲ್ಲಿ ಸ್ವಲ್ಪ ಅಂತರ ಬಿಟ್ಟು ಹಿಡಿಯಬೇಕು. ಇದನ್ನು ಮಾರಿದವರು ಹೇಳಲೇ ಇಲ್ಲ.

ಠಾಣೆ
62,000 ಎಲ್ಲರ ಹತ್ತಿರ ಇರುವುದಿಲ್ಲ, ಸ್ವಾಮಿ.

ಮಾಟುಂಗಾ
ನನ್ನ ಹತ್ತಿರವೂ ಇರಲಿಲ್ಲ. ಠೇವಣಿ ಮುರಿದೆ.

ಡೊಂಬಿವಲಿಯಿಂದ, ಪ್ರಶ್ನೆ ಕೇಳಿದವರು
ಸೀಳು ಸ್ವಚ್ಛಮಾಡಿದೆ, VoLTE ಆಫ್ ಇತ್ತು, ಆನ್ ಮಾಡಿದೆ. ನನ್ನ ಕರೆ ಈಗ ತಿಳಿಯುತ್ತದೆ ಎನ್ನುತ್ತಾರೆ, ಅಕ್ಕನ ಕರೆ ಇನ್ನೂ ಇಲ್ಲ. ಅಕ್ಕನ ಫೋನು ಗುಂಡಿಯ ಹಳೆಯ ಫೋನು. ಆಂಡ್ರಾಯ್ಡಿನಲ್ಲಿ ಸ್ಪೀಕರ್ ತಾನಾಗಿ ಆನ್ ಆಗುವುದರ ಬಗ್ಗೆ ಯಾರೂ ಹೇಳಲಿಲ್ಲ.

ಕೋಥ್ರೂಡ್, ಪುಣೆ
ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಆ ಸೌಲಭ್ಯವನ್ನೇ ಕೊಟ್ಟಿಲ್ಲ. ಕರೆ ಶುರುವಾದೊಡನೆ ಸ್ಪೀಕರ್ ಹಾಕುವ ಆ್ಯಪ್‌ಗಳಿವೆ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡದಿದ್ದರೆ ಫೋನು ಅದನ್ನು ಮಲಗಿಸಿಬಿಡುತ್ತದೆ. ಕರೆಯ ಅನುಮತಿ ಕೇಳುತ್ತದೆ, ಯಾರು ಮಾಡಿದ್ದೆಂದು ನೋಡಿಯೇ ಕೊಡಿ.

ವಾಸ್ಕೋ, ಗೋವಾ
ಈಗ ಆ್ಯಪ್ ಹಾಕಿ ಎಂದು ನೀವೇ ಹೇಳಿದಿರಿ.

ಕೋಥ್ರೂಡ್, ಪುಣೆ
ಸ್ಪೀಕರ್ ಹಾಕುವುದಕ್ಕೆ ಹೇಳಿದೆ, ಧ್ವನಿ ಏರಿಸುವುದಕ್ಕಲ್ಲ. ಡೊಂಬಿವಲಿಯವರೇ, ಅಕ್ಕ ಕರೆ ಮಾಡಿದಾಗ ಅಮ್ಮನ ಪರದೆಯ ಮೇಲೆ HD ಬರುತ್ತದೆಯೇ ನೋಡಿ ತಿಳಿಸಿ.