ಐದು ಪೀಸ್ ರಿಜೆಕ್ಟ್: ಖರ್ಚು ಯಾವ ಖಾತೆಗೆ?

ಪ್ರಶ್ನೆ (ಪೀಣ್ಯದ ಮಷಿನ್ ಶಾಪ್‌ನ ಲೆಕ್ಕಿಗ): 50 ಪಂಪ್ ಹೌಸಿಂಗ್‌ಗಳ ಆರ್ಡರ್‌ಗೆ 55 ಶುರು ಮಾಡಿದೆವು. ಐದು ರಿಜೆಕ್ಟ್ ಆದವು, ಬೇರೆ ನಾಲ್ಕನ್ನು ಮತ್ತೆ ಬೋರ್ ಮಾಡಿ ಸರಿಪಡಿಸಿದೆವು. ತಪಾಸಣೆಯವರೆಗೆ ಪೀಸಿಗೆ 2,000 ರೂಪಾಯಿ ಖರ್ಚಾಗಿದೆ. ರಿಜೆಕ್ಟ್ ಪೀಸನ್ನು ಗುಜರಿಯವರು 400ಕ್ಕೆ ಕೊಳ್ಳುತ್ತಾರೆ. ನಮೂದು ಹೇಗೆ?

ಅಂಗಡಿ ಲೆಕ್ಕ ನೋಡುವವರು: ರಿಜೆಕ್ಷನ್ ಎಲ್ಲವನ್ನೂ ಓವರ್‌ಹೆಡ್‌ಗೆ ಹಾಕಿ, ಮುಗಿಯಿತು.

ಕಾಸ್ಟ್ ಅಕೌಂಟೆಂಟ್: ಅದು ಎಲ್ಲ ಜಾಬ್‌ಗಳಲ್ಲೂ ಸಹಜವಾಗಿ ಆಗುವ ರಿಜೆಕ್ಷನ್‌ಗೆ ಮಾತ್ರ ಸರಿ, ಅದೂ ಓವರ್‌ಹೆಡ್ ದರದಲ್ಲಿ ಆ ನಷ್ಟವನ್ನು ಮೊದಲೇ ಸೇರಿಸಿದ್ದರೆ. ಆಗ ಪೀಸಿಗೆ ದಾಸ್ತಾನು ಡೆಬಿಟ್ 400, ಓವರ್‌ಹೆಡ್ ಡೆಬಿಟ್ 1,600, ಜಾಬ್ ಕ್ರೆಡಿಟ್ 2,000. ಮೊದಲು ಕಾರಣ ಹೇಳಿ.

ಪ್ರಶ್ನಿಸಿದವರು: ಮೂರರಲ್ಲಿ, ಈ ಡ್ರಾಯಿಂಗ್‌ನ ತೆಳು ಗೋಡೆಯನ್ನು ಕೊರೆದಾಗ ಎರಕದ ತೂತು ಹೊರಬಿತ್ತು. ಇಷ್ಟು ಹೋಗುತ್ತವೆಂದು ಅಂದಾಜಿಸಿಯೇ ದರ ಕೊಟ್ಟಿದ್ದೆವು. ಇನ್ನೆರಡಕ್ಕೆ ಟೂಲ್ ಆಫ್‌ಸೆಟ್ ತಪ್ಪಿ ಬೋರ್ ದೊಡ್ಡದಾಯಿತು.

ಕಾಸ್ಟ್ ಅಕೌಂಟೆಂಟ್: ಮೊದಲ ಮೂರು ಈ ಜಾಬ್‌ನ ಸ್ವಭಾವದಿಂದಲೇ ಬಂದ ಸಹಜ ನಷ್ಟ. ಗುಜರಿ ಬೆಲೆಯನ್ನಷ್ಟೇ ಹೊರತೆಗೆಯಿರಿ: ದಾಸ್ತಾನು ಡೆಬಿಟ್ 1,200, ಜಾಬ್ ಕ್ರೆಡಿಟ್ 1,200. ಉಳಿದ ಹೊರೆಯನ್ನು ಒಳ್ಳೆಯ ಪೀಸ್‌ಗಳೇ ಹೊರುತ್ತವೆ.

ಆಫ್‌ಸೆಟ್ ತಪ್ಪಿದ್ದು ತಡೆಯಬಹುದಾಗಿದ್ದ ನಷ್ಟ. ಅದನ್ನು ಗ್ರಾಹಕರ ಜಾಬ್‌ನಲ್ಲಿ ಬಿಡಲೇಬೇಡಿ. ದಾಸ್ತಾನು ಡೆಬಿಟ್ 800, ಅಸಹಜ ನಷ್ಟ ಡೆಬಿಟ್ 3,200, ಜಾಬ್ ಕ್ರೆಡಿಟ್ 4,000. ಈ 3,200 ಲಾಭ-ನಷ್ಟ ಖಾತೆಗೆ ಹೋಗಿ ಮಾಲೀಕರ ಕಣ್ಣಿಗೆ ಬೀಳಬೇಕು. ಈಗ ಜಾಬ್‌ನಲ್ಲಿ 1,04,800 ಉಳಿಯಿತು.

ಬೋರ್ ಚಿಕ್ಕದಾಗಿದ್ದ ನಾಲ್ಕನ್ನು ಮತ್ತೆ ಕೊರೆಯಬಹುದು; ದೊಡ್ಡದಾದರೆ ದಾರಿಯಿಲ್ಲ. ಆ ಮರುಕೆಲಸಕ್ಕೆ ಎಷ್ಟಾಯಿತು?

ಪ್ರಶ್ನಿಸಿದವರು: ಕೂಲಿ 700, ಓವರ್‌ಹೆಡ್ 500. ಇಷ್ಟು ಬಿಗಿ ಅಳತೆಯಿದ್ದರೆ ಇದು ಆಗುವುದೇ.

ಕಾಸ್ಟ್ ಅಕೌಂಟೆಂಟ್: ಹಾಗಾದರೆ ಜಾಬ್ ಡೆಬಿಟ್ 1,200, ಕೂಲಿ ಬಾಕಿ ಕ್ರೆಡಿಟ್ 700, ಹಂಚಿದ ಓವರ್‌ಹೆಡ್ ಕ್ರೆಡಿಟ್ 500. ಮೊದಲಿನ ಖರ್ಚನ್ನು ಮುಟ್ಟಬೇಡಿ. ಒಟ್ಟು 1,06,000, ಪೀಸಿಗೆ 2,120. ಮರುಕೆಲಸ ಎಲ್ಲ ಜಾಬ್‌ಗಳಲ್ಲೂ ಮಾಮೂಲಾಗಿದ್ದರೆ ಡೆಬಿಟ್ ಓವರ್‌ಹೆಡ್‌ಗೆ, ಅಜಾಗರೂಕತೆಯಿಂದಾಗಿದ್ದರೆ ಅಸಹಜ ನಷ್ಟಕ್ಕೆ.

ಮುದ್ರಣಾಲಯದವರು: ನಮ್ಮಲ್ಲಿ ಬಣ್ಣ ಹೊಂದಿಸುವಾಗ ಹಾಳೆಗಳು ಹಾಳಾಗುತ್ತವೆ, ಅಂಚು ಕತ್ತರಿಸಿದ ಚೂರುಗಳೂ ಬೀಳುತ್ತವೆ. ಎರಡನ್ನೂ ರದ್ದಿಗೆ ಮಾರುತ್ತೇವೆ. ಒಂದೇ ಲೆಕ್ಕವಲ್ಲವೇ?

ಕಾಸ್ಟ್ ಅಕೌಂಟೆಂಟ್: ಅಲ್ಲ. ಹಾಳಾದ ಹಾಳೆಗೆ ಮೇಲಿನಂತೆ ಕಾರಣ ನೋಡಬೇಕು. ಅಂಚಿನ ಚೂರು ಸ್ಕ್ರ್ಯಾಪ್, ಅದರಲ್ಲಿ ಸಹಜ-ಅಸಹಜ ಎಂದು ಬೇರ್ಪಡಿಸುವುದಿಲ್ಲ. ಎಲ್ಲ ಜಾಬ್‌ಗಳ ಚೂರು ಬೆರೆತಿದ್ದರೆ, ಮಾರಿದಾಗ ನಗದು ಡೆಬಿಟ್, ಓವರ್‌ಹೆಡ್ ಕ್ರೆಡಿಟ್. ಒಂದೇ ಜಾಬ್‌ನದೆಂದು ಗುರುತಿಸಿ ಇಟ್ಟಿದ್ದರೆ ಕ್ರೆಡಿಟ್ ಆ ಜಾಬ್‌ಗೆ.

ಪ್ರಶ್ನಿಸಿದವರು: ಬೋರ್ ದೊಡ್ಡದಾದ ಎರಡರಲ್ಲಿ ಒಂದು ಪೀಸ್ ಹಾಳಾಗಿದ್ದು ಗ್ರಾಹಕರು ನಡುವೆ ಅಳತೆ ಬದಲಿಸಿದ್ದರಿಂದ ಎಂದು ಆಪರೇಟರ್ ಹೇಳುತ್ತಾರೆ. ಸೂಪರ್‌ವೈಸರ್ ಒಪ್ಪುತ್ತಿಲ್ಲ.

ಕಾಸ್ಟ್ ಅಕೌಂಟೆಂಟ್: ಬದಲಾದ ಡ್ರಾಯಿಂಗ್ ಯಾವ ಹೊತ್ತಿಗೆ ಮಷಿನ್ ಬಳಿ ತಲುಪಿತು ಎಂಬುದು ಜಾಬ್ ಕಾರ್ಡ್‌ನಲ್ಲಿದೆಯೇ ನೋಡಿ. ಅದು ಸಿಗುವವರೆಗೆ ಆ ಪೀಸಿನ 1,600ನ್ನು ಅಸಹಜ ನಷ್ಟದಲ್ಲೇ ಇಡುತ್ತೇನೆ.